ಅರ್ಧ ಗಂಟೆಯ ರಸ್ತೆ, 33 ವರ್ಷದ ಕೆಲಸ

ನನ್ನ ಮೊಬೈಲಿನಲ್ಲಿ ಒಂದು ವಿಡಿಯೊ ಇದೆ. ಬನಶಂಕರಿಯಿಂದ ಮೆಜೆಸ್ಟಿಕ್ ಕಡೆಗೆ ಹೋಗುವಾಗ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಫೋನು ಕೂರಿಸಿ ತೆಗೆದದ್ದು, ಸರಿಯಾಗಿ ಅರ್ಧ ಗಂಟೆಯದು. ರಸ್ತೆಗುಂಡಿಗಳನ್ನು ತಾನಾಗಿಯೇ ಗುರುತಿಸುವ ಪುಟ್ಟದೊಂದು ಮಷಿನ್ ಲರ್ನಿಂಗ್ ಮಾದರಿ ಮಾಡಬೇಕೆಂಬ ಆಸೆಗೆ ಇದು ಕಚ್ಚಾವಸ್ತು. ಮಾದರಿಗೆ ಬೇಕಾದದ್ದು ವಿಡಿಯೊ ಅಲ್ಲ, ಬಿಡಿ ಚಿತ್ರಗಳು. ಸೆಕೆಂಡಿಗೆ 30 ಫ್ರೇಮು, ನಿಮಿಷಕ್ಕೆ 1,800, ಅರ್ಧ ಗಂಟೆಗೆ 54,000. ಒಂದು ಕಾರು ಪ್ರಯಾಣದಲ್ಲಿ ಐವತ್ತನಾಲ್ಕು ಸಾವಿರ ಫೋಟೊ ಸಿಕ್ಕಿತಲ್ಲ ಎಂದು ಮೊದಲು ಹಿಗ್ಗಿದೆ.

ಆಮೇಲೆ ಇನ್ನೊಂದು ಲೆಕ್ಕ ಹಾಕಿದೆ. ನಗರದ ರಸ್ತೆಗಳ ಡೇಟಾಸೆಟ್‌ಗಳಲ್ಲಿ ಬಹಳ ಹೆಸರಾದದ್ದು 2016ರಲ್ಲಿ ಪ್ರಕಟವಾದ ಸಿಟಿಸ್ಕೇಪ್ಸ್. ಅದರಲ್ಲಿ ಸೂಕ್ಷ್ಮವಾಗಿ ಗುರುತು ಹಾಕಿದ ಚಿತ್ರಗಳು 5,000. ಕಾರು, ಪಾದಚಾರಿ, ಮರ, ಫುಟ್‌ಪಾತ್ ಎಂದು ಪ್ರತಿಯೊಂದರ ಅಂಚನ್ನೂ ಕೈಯಿಂದಲೇ ಎಳೆದಿದ್ದಾರೆ. ಪರಿಶೀಲನೆಯನ್ನೂ ಸೇರಿಸಿದರೆ ಒಂದು ಚಿತ್ರಕ್ಕೆ ಸರಾಸರಿ ಒಂದೂವರೆ ಗಂಟೆಗೂ ಹೆಚ್ಚು ಹಿಡಿದಿದೆ. ಅದೇ ಶ್ರದ್ಧೆಯಿಂದ ನನ್ನ 54,000 ಚಿತ್ರಗಳಿಗೆ ಗುರುತು ಹಾಕಲು ಕೂತರೆ 81,000 ಗಂಟೆ ಬೇಕು. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ ದುಡಿದರೂ 33 ವರ್ಷ ದಾಟುತ್ತದೆ. ಕೆಲಸಕ್ಕೆ ಸೇರಿದ ದಿನ ಬನಶಂಕರಿಯಿಂದ ಹೊರಟವರು ನಿವೃತ್ತಿಯ ಹೊತ್ತಿಗೆ ಮೆಜೆಸ್ಟಿಕ್ ತಲುಪುತ್ತಾರೆ.

ಹಾಗಾಗಿ ಫ್ರೇಮು ತೆಗೆಯುವ ಕೆಲಸವೆಂದರೆ ಮುಖ್ಯವಾಗಿ ಬಿಡುವ ಕೆಲಸ. ಯಾವುದನ್ನು ಬಿಡಬೇಕು ಎಂದು ತಿಳಿಯಬೇಕಾದರೆ ಆ 54,000 ಚಿತ್ರಗಳು ಫೈಲಿನೊಳಗೆ ಹೇಗೆ ಕುಳಿತಿವೆ ಎಂದು ನೋಡಬೇಕು. ನನ್ನ ವಿಡಿಯೊದ ಒಂದು ಫ್ರೇಮಿನ ಅಗಲ 1920, ಎತ್ತರ 1080 ಚುಕ್ಕೆ. ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕೆಗಳು, ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿಯ ಮೂರು ಬೈಟ್. ಅಂದರೆ ಒಂದು ಫ್ರೇಮಿಗೆ 6.2 ಎಂಬಿ, 54,000 ಫ್ರೇಮಿಗೆ ಸುಮಾರು 336 ಜಿಬಿ. ಆದರೆ ನನ್ನ ಫೈಲಿನ ತೂಕ 4 ಜಿಬಿಯೂ ಇಲ್ಲ. ಉಳಿದದ್ದೆಲ್ಲ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ, ಅದು ಇರಲೇ ಇಲ್ಲ. ಫೈಲಿನಲ್ಲಿ ಪೂರ್ತಿ ಚಿತ್ರವಾಗಿ ಕುಳಿತಿರುವುದು ಆಗೊಂದು ಈಗೊಂದು ಫ್ರೇಮು ಮಾತ್ರ. ಅದಕ್ಕೆ ಕೀಫ್ರೇಮ್ ಎನ್ನುತ್ತಾರೆ. ಅದರ ಹಿಂದೆ ಬರುವ ಹತ್ತಾರು ಫ್ರೇಮುಗಳ ಜಾಗದಲ್ಲಿ ಇರುವುದು ‘ಈ ಚೌಕ ಇಷ್ಟು ಎಡಕ್ಕೆ ಸರಿಯಿತು, ಆ ಮೂಲೆ ತುಸು ಕಪ್ಪಾಯಿತು’ ಎಂಬಂಥ ಬದಲಾವಣೆಯ ಟಿಪ್ಪಣಿ ಅಷ್ಟೆ. ನಾವು ಫ್ರೇಮು ‘ತೆಗೆಯುತ್ತೇವೆ’ ಅನ್ನುತ್ತೇವೆ. ನಿಜಕ್ಕೂ ಕಂಪ್ಯೂಟರು ಕೀಫ್ರೇಮಿನಿಂದ ಶುರುಮಾಡಿ ಟಿಪ್ಪಣಿಗಳನ್ನು ಒಂದೊಂದಾಗಿ ಓದಿ ಆ ಚಿತ್ರವನ್ನು ಹೊಸದಾಗಿ ಕಟ್ಟುತ್ತದೆ. 336 ಜಿಬಿ 4 ಜಿಬಿಯೊಳಗೆ ಹಿಡಿಸಿತೆಂದರೆ ಆ ಚಿತ್ರಗಳಲ್ಲಿ ಬಹುಪಾಲು ತಮ್ಮ ಹಿಂದಿನ ಚಿತ್ರವೇ ಆಗಿವೆ ಎಂದರ್ಥ. ವಿಡಿಯೊ ಎಷ್ಟು ಚಿಕ್ಕದಾಗಿ ಮಡಚಿಕೊಂಡಿದೆಯೋ ಅಷ್ಟು ಕಡಿಮೆ ಹೊಸ ವಿಷಯ ಅದರಲ್ಲಿದೆ.

ರಸ್ತೆಯ ಮೇಲೆ ಇದು ಕಣ್ಣಿಗೇ ಕಾಣುತ್ತದೆ. ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ 10 ಮೀಟರ್ ಹೋಗುತ್ತದೆ. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಸರಿಯುವುದು 33 ಸೆಂಟಿಮೀಟರ್, ಒಂದು ಮೊಳವೂ ಇಲ್ಲ. 25 ಮೀಟರ್ ದೂರದಲ್ಲಿ ಕಾಣಿಸಿಕೊಂಡ ಗುಂಡಿ 5 ಮೀಟರ್ ಹತ್ತಿರ ಬರುವಷ್ಟರಲ್ಲಿ ಎರಡು ಸೆಕೆಂಡು, ಅಂದರೆ 60 ಫೋಟೊ. ಅರವತ್ತು ಫೋಟೊ, ಗುಂಡಿ ಒಂದೇ. ಸಿಗ್ನಲ್ಲಿನಲ್ಲಿ ನಿಂತರೆ ಇನ್ನೂ ಹೆಚ್ಚು. ಎರಡು ನಿಮಿಷ ನಿಂತರೆ ಮುಂದಿನ ಬಸ್ಸಿನ ಬೆನ್ನಿನ 3,600 ಚಿತ್ರಗಳು. ನಡುವೆ ಬದಲಾಗುವುದು ಮಿಣುಕುವ ಇಂಡಿಕೇಟರು ಮತ್ತು ಪಕ್ಕದಲ್ಲಿ ನುಸುಳುವ ಸ್ಕೂಟರು ಮಾತ್ರ.

ಆದ್ದರಿಂದ ಸೆಕೆಂಡಿಗೆ ಎರಡೇ ಸಾಕೆಂದುಕೊಂಡೆ. ಈ ಕೆಲಸಕ್ಕೆ ಎಲ್ಲರೂ ಬಳಸುವ ಸಾಧನ `ffmpeg`. ಒಂದೇ ಸಾಲು:

```
ffmpeg -i raste_03.mp4 -vf fps=2 -frame_pts 1 -q:v 2 raste_03_%06d.jpg
```

54,000 ಈಗ 3,600ಕ್ಕೆ ಇಳಿಯಿತು. ಸಿಗ್ನಲ್ಲಿನ ಎರಡೇ ನಿಮಿಷ ನುಂಗುತ್ತಿದ್ದಷ್ಟು ಚಿತ್ರಗಳಲ್ಲಿ ಇಡೀ ಪ್ರಯಾಣ ಮುಗಿಯುತ್ತದೆ. ಓಡುವಾಗ ಐದು ಮೀಟರಿಗೊಂದು ಚಿತ್ರ, ಪ್ರತಿ ಗುಂಡಿಗೆ ನಾಲ್ಕು ನೋಟ. `-q:v 2` ಎಂದರೆ ಜೆಪೆಗ್‌ನ ಗುಣಮಟ್ಟ ಚೆನ್ನಾಗಿರಲಿ ಎಂದು. ಇದನ್ನು ಬಿಟ್ಟರೆ ಡಾಂಬರಿನ ಸಣ್ಣ ಬಿರುಕುಗಳು ಚೌಕ ಚೌಕವಾಗಿ ಕಲಸಿಹೋಗುತ್ತವೆ, ಗುಂಡಿಯ ಅಂಚೂ ಅದರೊಡನೆ ಹೋಗುತ್ತದೆ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಸಾಲಿನ ಕೊನೆಯ ಆ `%06d` ಹತ್ತಿರ. ಸಂಖ್ಯೆಯನ್ನು ಆರು ಅಂಕಿಗೆ ಮುಂದೆ ಸೊನ್ನೆ ತುಂಬಿ ಬರೆ ಎಂದು ಅದರರ್ಥ. ಬರೀ `%d` ಕೊಟ್ಟರೆ 1, 2, 3 ಎಂದು ಹೆಸರು ಬರುತ್ತದೆ, ನೋಡಲು ಏನೂ ತೊಂದರೆಯಿಲ್ಲ. ಆದರೆ ಬಹಳಷ್ಟು ಪ್ರೋಗ್ರಾಮುಗಳು ಫೈಲುಗಳನ್ನು ಸಂಖ್ಯೆಯಂತೆ ಜೋಡಿಸುವುದಿಲ್ಲ, ನಿಘಂಟಿನ ಪದಗಳಂತೆ ಅಕ್ಷರ ಅಕ್ಷರ ನೋಡಿ ಜೋಡಿಸುತ್ತವೆ. ಆಗ 1ರ ಮುಂದೆ 10, ಅದರ ಮುಂದೆ 100, 1000, 1001 ಬಂದು, 2 ಎಲ್ಲೋ ಸಾವಿರದ ಆಚೆ ಸೇರುತ್ತದೆ. ಲೇಬಲ್‌ಗಳ ಪಟ್ಟಿ ಒಂದು ಕ್ರಮದಲ್ಲಿ, ಚಿತ್ರಗಳು ಇನ್ನೊಂದು ಕ್ರಮದಲ್ಲಿ. ಯಾವ ದೋಷವನ್ನೂ ಪರದೆ ತೋರಿಸುವುದಿಲ್ಲ. ಮಾದರಿ ಮಾತ್ರ ಏನನ್ನೂ ಕಲಿಯದೆ ನಿಂತಿರುತ್ತದೆ.

`-frame_pts 1` ಇನ್ನೂ ಮುಖ್ಯ. ಅದಿದ್ದರೆ ಹೆಸರಿನ ಸಂಖ್ಯೆ ಬರೀ ಎಣಿಕೆಯಾಗದೆ ವಿಡಿಯೊದ ಗಡಿಯಾರದಿಂದ ಬರುತ್ತದೆ. ಸೆಕೆಂಡಿಗೆ ಎರಡರಂತೆ ತೆಗೆದಾಗ `raste_03_000840.jpg` ಎಂದರೆ ಮೂರನೇ ವಿಡಿಯೊದ 420ನೇ ಸೆಕೆಂಡು, ಸರಿಯಾಗಿ ಏಳನೇ ನಿಮಿಷ. ಫ್ರೇಮುಗಳನ್ನು ಎಣಿಸಿ 30ರಿಂದ ಭಾಗಿಸಿದರೂ ಅದೇ ಸಿಗುತ್ತದಲ್ಲವೇ ಅನ್ನಿಸಬಹುದು. ಸಿಗುವುದಿಲ್ಲ. ಬೆಳಕು ಕಡಿಮೆಯಾದಾಗ ಫೋನು ತಾನಾಗಿಯೇ ವೇಗ ತಗ್ಗಿಸುವುದುಂಟು. ಮುಸ್ಸಂಜೆಯ ಹತ್ತು ನಿಮಿಷ ಅದು 24ರ ವೇಗದಲ್ಲಿ ಓಡಿದರೆ ದಾಖಲಾಗುವುದು 14,400 ಫ್ರೇಮು. 30ರಿಂದ ಭಾಗಿಸಿದರೆ ಎಂಟು ನಿಮಿಷ. ಎರಡು ನಿಮಿಷದ ತಪ್ಪು, ಅಂದರೆ ಒಂದು ಕಿಲೋಮೀಟರಿಗೂ ಹೆಚ್ಚು ರಸ್ತೆ. ಗುಂಡಿ ಎಲ್ಲಿದೆಯೆಂದು ಜಿಪಿಎಸ್ ಜೊತೆ ತಾಳೆ ನೋಡುವವರಿಗೆ ಅದು ಬೇರೆ ಬಡಾವಣೆಯೇ ಆಗುತ್ತದೆ.

ಇಲ್ಲಿಂದ ಮುಂದೆ ಕೈಕೆಲಸ. ಸಿಗ್ನಲ್ಲಿನ 240 ಚಿತ್ರಗಳಲ್ಲಿ ಎರಡು ಮೂರು ಉಳಿಸಿ ಮಿಕ್ಕವನ್ನು ಅಳಿಸಿದೆ. ಒಂದೇ ಥರದ ಫ್ರೇಮುಗಳನ್ನು ತಾನೇ ಬಿಡುವ `mpdecimate` ಎಂಬ ಸೌಲಭ್ಯ ಇದೆ. ಆದರೆ ಅದು ಚಿತ್ರದ ಒಂದು ಪುಟ್ಟ ಚೌಕ ಜೋರಾಗಿ ಬದಲಾದರೂ ಫ್ರೇಮನ್ನು ಉಳಿಸಿಕೊಳ್ಳುತ್ತದೆ. ಬಸ್ಸಿನ ಇಂಡಿಕೇಟರು ಮಿಣುಕಿದರೆ ಸಾಕು. ನಮ್ಮ ರಸ್ತೆಗೆ ಕಣ್ಣೇ ವಾಸಿ. ಅಳಿಸಿದ ಮೇಲೆ ಉಳಿದವಕ್ಕೆ ಹೊಸದಾಗಿ 1, 2, 3 ಎಂದು ಸಂಖ್ಯೆ ಕೊಡಬಾರದು. ಹೆಸರುಗಳ ನಡುವಿನ ಖಾಲಿಯೂ ಮಾಹಿತಿಯೇ. ಅಲ್ಲಿ ಕಾರು ನಿಂತಿತ್ತು ಎಂದು ಅದು ಹೇಳುತ್ತದೆ.

ಸಿಟಿಸ್ಕೇಪ್ಸ್ ಮಾಡಿದವರು ಇದನ್ನು ಎಷ್ಟು ಜತನದಿಂದ ಮಾಡಿದ್ದಾರೆಂದು ಅವರ ಫೈಲುಗಳ ಹೆಸರಿನಲ್ಲೇ ಓದಬಹುದು. ಅವರ ಕ್ಯಾಮೆರಾ ಸೆಕೆಂಡಿಗೆ 17 ಫ್ರೇಮಿನದು. 30 ಫ್ರೇಮಿನ ಪುಟ್ಟ ತುಣುಕುಗಳನ್ನು ಆರಿಸಿ ಪ್ರತಿಯೊಂದರ 20ನೇ ಫ್ರೇಮಿಗೆ ಮಾತ್ರ ಗುರುತು ಹಾಕಿದರು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಆಹೆನ್ ನಗರದ ಚಿತ್ರದ ಹೆಸರು `aachen_000000_000019_leftImg8bit.png`. ಗುರುತಿರುವ 5,000 ಚಿತ್ರಗಳ ಪೊಟ್ಟಣ 11 ಜಿಬಿ. ಅವುಗಳ ಹಿಂದು ಮುಂದಿನ ಫ್ರೇಮುಗಳೂ ಸೇರಿದ ಒಂದೂವರೆ ಲಕ್ಷ ಚಿತ್ರಗಳದ್ದು 324 ಜಿಬಿ. ಕೆಲವು ನಗರಗಳಲ್ಲಿ ಕ್ಯಾಮೆರಾ ನಿಲ್ಲಿಸದೆ ಉದ್ದಕ್ಕೂ ಓಡಿಸಿದ್ದರು. ಹ್ಯಾಂಬರ್ಗ್‌ನ ಒಂದು ಚಿತ್ರ `hamburg_000000_042505_leftImg8bit.png`. 42,505ನ್ನು 17ರಿಂದ ಭಾಗಿಸಿ ನೋಡಿ: 2,500 ಸೆಕೆಂಡು. ಆ ಕ್ಷಣ ಎಣಿಕೆ ಶುರುವಾಗಿ ಸುಮಾರು 41 ನಿಮಿಷ 40 ಸೆಕೆಂಡು ಆಗಿತ್ತು. ಹೆಸರೊಂದನ್ನೇ ಹಿಡಿದು ಅಲ್ಲಿಗೆ ಹೋಗಿ ನಿಲ್ಲಬಹುದು.

ಹೆಸರು ವಿಡಿಯೊಗೆ ಹೀಗೆ ಗಂಟುಬಿದ್ದಿರಲೇಬೇಕು, ಏಕೆಂದರೆ ಅತಿ ದೊಡ್ಡ ಮೋಸ ನಡೆಯುವುದು ಕೊನೆಯ ಹಂತದಲ್ಲಿ. ಎಲ್ಲ ಚಿತ್ರಗಳನ್ನು ಕಲಸಿ ನೂರಕ್ಕೆ 80 ಕಲಿಕೆಗೆ, 20 ಪರೀಕ್ಷೆಗೆ ಎಂದು ಹಂಚುವುದು ವಾಡಿಕೆ. ನನ್ನ ಮೂಲ 54,000 ಫ್ರೇಮುಗಳನ್ನು ಹಾಗೆ ಹಂಚಿದೆನೆಂದುಕೊಳ್ಳಿ. ಪರೀಕ್ಷೆಗೆ ಬಿದ್ದ ಒಂದು ಫ್ರೇಮಿನ ಅಕ್ಕಪಕ್ಕದ ಎರಡೂ ಪರೀಕ್ಷೆಗೇ ಬೀಳುವ ಸಾಧ್ಯತೆ 0.2 × 0.2, ಅಂದರೆ ನೂರಕ್ಕೆ 4. ಮಿಕ್ಕ 96 ಚಿತ್ರಗಳ ವಿಷಯದಲ್ಲಿ, ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟು ಹಿಂದಿನದೋ ಮುಂದಿನದೋ ಆದ ಚಿತ್ರವನ್ನು ಮಾದರಿ ಆಗಲೇ ನೋಡಿಬಿಟ್ಟಿರುತ್ತದೆ. ಉತ್ತರವನ್ನೂ ಸೇರಿಸಿ. ಸೆಕೆಂಡಿಗೆ ಎರಡರಂತೆ ಇಳಿಸಿದರೂ ಒಂದೇ ಗುಂಡಿಯ ನಾಲ್ಕು ನೋಟಗಳು ಎರಡೂ ಕಡೆ ಚೆದುರುತ್ತವೆ. ಅಂಕ ನೂರರ ಹತ್ತಿರ ಬರುತ್ತದೆ. ಮರುದಿನ ಬೇರೆ ರಸ್ತೆಗೆ ಒಯ್ದರೆ ಮಾದರಿಗೆ ಗುಂಡಿಯೇ ಕಾಣುವುದಿಲ್ಲ. ಮೋಸ ನಡೆದಿದೆಯೇ ಎಂದು ತಿಳಿಯುವ ದಾರಿ ಇದೇ: ಒಂದು ಇಡೀ ವಿಡಿಯೊವನ್ನು ಮೊದಲೇ ಎತ್ತಿಟ್ಟು, ಅದರ ಒಂದು ಫ್ರೇಮನ್ನೂ ಕಲಿಕೆಗೆ ಕೊಡದೆ, ಕೊನೆಗೆ ಅದರ ಮೇಲೆ ಪರೀಕ್ಷಿಸುವುದು. ಎರಡು ಅಂಕಗಳ ನಡುವಿನ ಅಂತರವೇ ಸೋರಿಕೆಯ ಅಳತೆ.

ಸಿಟಿಸ್ಕೇಪ್ಸ್‌ನಲ್ಲಿ ನಗರಗಳನ್ನೇ ಹಂಚಿದ್ದಾರೆ. ಹ್ಯಾಂಬರ್ಗ್ ಕಲಿಕೆಗೆ, ಫ್ರಾಂಕ್‌ಫರ್ಟ್, ಲಿಂಡಾವ್, ಮ್ಯೂನ್‌ಸ್ಟರ್ ಮೂರೂ ನಡುನಡುವೆ ಪರಿಶೀಲಿಸಲು, ಇನ್ನು ಆರು ನಗರಗಳು ಕೊನೆಯ ಪರೀಕ್ಷೆಗೆ.

ನಮ್ಮ ರಸ್ತೆಗಳದ್ದೇ ಒಂದು ಡೇಟಾಸೆಟ್ ಇದೆ. ಹೈದರಾಬಾದಿನ ಐಐಐಟಿಯವರು 2018ರಲ್ಲಿ ಹೊರತಂದ ಇಂಡಿಯಾ ಡ್ರೈವಿಂಗ್ ಡೇಟಾಸೆಟ್. ಬೆಂಗಳೂರು, ಹೈದರಾಬಾದ್ ಮತ್ತು ಅವುಗಳ ಹೊರವಲಯದಲ್ಲಿ ಕಾರಿಗೆ ಕ್ಯಾಮೆರಾ ಕಟ್ಟಿ ತೆಗೆದ 182 ಓಡಾಟಗಳು. ಆಟೊರಿಕ್ಷಾಕ್ಕೆ ಬೇರೆ ಗುರುತು, ಪ್ರಾಣಿಗಳಿಗೆ ಬೇರೆ ಗುರುತು, ಒಟ್ಟು 34 ಬಗೆ. ಕೊನೆಗೆ ಉಳಿಸಿಕೊಂಡ ಚಿತ್ರಗಳು 10,004. ಭಾಗಿಸಿದರೆ ಒಂದು ಓಡಾಟಕ್ಕೆ ಬಂದದ್ದು 55. ನನ್ನ ಲೆಕ್ಕದಲ್ಲಿ 55 ಫ್ರೇಮೆಂದರೆ ಎರಡು ಸೆಕೆಂಡೂ ಇಲ್ಲ. ಅವರು ಅಷ್ಟರಲ್ಲಿ ಒಂದು ಪೂರ್ತಿ ಪ್ರಯಾಣವನ್ನು ಹಿಡಿದಿದ್ದಾರೆ.

ನಾನು ಮತ್ತೆ `raste_03` ಫೋಲ್ಡರಿಗೆ ಹೋಗಿ 3,600ರಿಂದ ಇನ್ನೂ ಕೆಳಕ್ಕೆ ಇಳಿಸತೊಡಗಿದ್ದೇನೆ. ಈಗ 412ರಲ್ಲಿದ್ದೇನೆ. ನಾಲ್ಕನೇ ವಿಡಿಯೊವನ್ನು ಬೇರೆ ರಸ್ತೆಯಲ್ಲಿ, ಬೇರೆ ದಿನ ತೆಗೆದಿದ್ದೆ. ಅದನ್ನು ಇನ್ನೂ ಬಿಚ್ಚಿಲ್ಲ, ಪರೀಕ್ಷೆಗೆಂದು ಎತ್ತಿಟ್ಟಿದ್ದೇನೆ.