ಒಳಗೆ ಎಷ್ಟು, ಕಾಗಕ್ಕಾ?

ಬಾಯಾರಿದ ಕಾಗೆಯ ಕಥೆ ಹೇಳುವಾಗ ನಾವು ಕಲ್ಲುಗಳ ಲೆಕ್ಕ ಇಡುವುದಿಲ್ಲ. ಒಂದೊಂದಾಗಿ ಹಾಕಿತು, ನೀರು ಮೇಲೆ ಬಂತು, ಕುಡಿದು ಹಾರಿಹೋಯಿತು ಎಂದು ಮುಗಿಸಿಬಿಡುತ್ತೇವೆ. ಐದು ವರ್ಷದ ಮಗುವಿಗಾದರೆ ಆ ‘ಒಂದೊಂದಾಗಿ’ಯಲ್ಲೇ ಕಥೆಯೆಲ್ಲ ಇದೆ.

200 ಮಿಲಿಲೀಟರ್ ಹಿಡಿಯುವ ಗಾಜಿನ ಲೋಟಕ್ಕೆ 120 ಮಿಲಿಲೀಟರ್ ನೀರು ಹಾಕಿ. ನೆಲ್ಲಿಕಾಯಿ ಗಾತ್ರದ ಹತ್ತು ಹನ್ನೆರಡು ಕಲ್ಲು ತೊಳೆದು ಮಗುವಿನ ಮುಂದಿಡಿ. ಕಲ್ಲು ಹಾಕುವುದು ಮಗು, ಸಾಲು ಹೇಳುವುದು ಇಬ್ಬರೂ:

ಒಂದು ಕಲ್ಲು, ಡುಬುಕ್! ಒಳಗೆ ಎಷ್ಟು? ಒಂದು.
ನೀರು ಸಿಕ್ಕಿತಾ ಕಾಗಕ್ಕಾ? ಇನ್ನೂ ಇಲ್ಲ!

ಇನ್ನೊಂದು ಕಲ್ಲು, ಡುಬುಕ್! ಒಳಗೆ ಎಷ್ಟು? ಎರಡು.
ನೀರು ಸಿಕ್ಕಿತಾ ಕಾಗಕ್ಕಾ? ಇನ್ನೂ ಇಲ್ಲ!

ಹೀಗೇ ಮುಂದಕ್ಕೆ. ‘ಡುಬುಕ್’ ಬರೀ ತಮಾಷೆಗಲ್ಲ. ಮಕ್ಕಳು ಎಣಿಸುವಾಗ ಬಾಯಿ ಮುಂದೆ ಓಡಿ ಕೈ ಹಿಂದೆ ಉಳಿಯುತ್ತದೆ. ಮೂರು ಕಲ್ಲು ಮುಟ್ಟುವಷ್ಟರಲ್ಲಿ ಐದು ಎಂದಿರುತ್ತಾರೆ. ಇಲ್ಲಿ ಕಲ್ಲು ಬಿದ್ದ ಸದ್ದಾಗದೆ ಮುಂದಿನ ಸಂಖ್ಯೆ ಬರುವಂತಿಲ್ಲ. ‘ಒಳಗೆ ಎಷ್ಟು?’ ಎಂಬ ಪ್ರಶ್ನೆಯ ಕೆಲಸ ಬೇರೆ. ನಾಲ್ಕು ಎಂದರೆ ಕೊನೆಗೆ ಬಿದ್ದ ಕಲ್ಲಿನ ಹೆಸರಲ್ಲ, ಒಳಗಿರುವ ಎಲ್ಲ ಕಲ್ಲು ಸೇರಿ ನಾಲ್ಕು. ಇದು ತಿಳಿಯದ ಮಗು, ಎಷ್ಟು ಎಂದು ಕೇಳಿದಾಗಲೆಲ್ಲ ಮತ್ತೆ ಒಂದರಿಂದ ಶುರು ಮಾಡುತ್ತದೆ. ಮಾಡಲಿ ಬಿಡಿ, ಗಾಜಿನ ಲೋಟ ಇಟ್ಟಿದ್ದೇ ಅದಕ್ಕೆ.

ಅದು ರೂಢಿಯಾದ ಮೇಲೆ ಸ್ಟೀಲ್ ಲೋಟಕ್ಕೆ ಬನ್ನಿ. ಈಗ ಕಲ್ಲು ಹೊರಗಿನಿಂದ ಕಾಣದು, ಸಂಖ್ಯೆಯನ್ನು ಮನಸ್ಸಿನಲ್ಲೇ ಹಿಡಿದಿರಬೇಕು. ಅನುಮಾನ ಬಂದರೆ ನೀರು ಬಗ್ಗಿಸಿ, ಕಲ್ಲು ಹೊರತೆಗೆದು ಸಾಲಾಗಿಟ್ಟು ಎಣಿಸಿದರಾಯಿತು.

ಒಂದು ಎಚ್ಚರಿಕೆ: ಲೋಟದ ತಳದಲ್ಲಿ ಸ್ವಲ್ಪವೇ ನೀರಿದ್ದರೆ ಕಥೆ ಕೈಕೊಡುತ್ತದೆ. ಕಲ್ಲು ಎಷ್ಟೇ ತುಂಬಿದರೂ ನಡುವೆ ಸಂದು ಉಳಿಯುತ್ತದೆ, ಸುಮಾರು ಶೇಕಡಾ 40ರಷ್ಟು. ಇರುವ ನೀರೆಲ್ಲ ಆ ಸಂದಿನಲ್ಲೇ ಅಡಗಿ, ಕಲ್ಲು ಕಂಠದವರೆಗೆ ಬಂದರೂ ನೀರು ಕೆಳಗೇ ಉಳಿಯುತ್ತದೆ. ಲೋಟದಲ್ಲಿ ಅರ್ಧಕ್ಕಿಂತ ಮೇಲೆ ನೀರಿದ್ದರೆ ಈ ಪೇಚಿಲ್ಲ.

ನಿಜವಾದ ಕಾಗೆ ಇದನ್ನೆಲ್ಲ ಮಾಡೀತೇ ಎಂದು ಮಗು ಕೇಳಿದರೆ ಹೌದೆನ್ನಬಹುದು. ಕಾಗೆಯ ಹತ್ತಿರದ ನೆಂಟ ‘ರೂಕ್’ ಹಕ್ಕಿಗಳು ಕೊಳವೆಯ ನೀರಿಗೆ ಕಲ್ಲು ಹಾಕಿ, ತೇಲುವ ಹುಳುವನ್ನು ಮೇಲೆ ತಂದು ತಿಂದದ್ದನ್ನು ಇಂಗ್ಲೆಂಡಿನ ವಿಜ್ಞಾನಿಗಳು 2009ರಲ್ಲಿ ವರದಿ ಮಾಡಿದ್ದಾರೆ. ದೊಡ್ಡ ಕಲ್ಲನ್ನೇ ಆರಿಸಿಕೊಳ್ಳಬೇಕೆಂದೂ ಅವು ಬೇಗ ಕಲಿತವು.

ನೀವೂ ಕಲ್ಲು ಬದಲಿಸಿ ನೋಡಿ. ನೆಲ್ಲಿಕಾಯಿ ಗಾತ್ರದ್ದು ಒಂದೊಂದೂ ಸುಮಾರು 8 ಮಿಲಿಲೀಟರ್ ನೀರನ್ನು ಎತ್ತುತ್ತದೆ. ಹತ್ತಕ್ಕೆ ಲೋಟ ತುಂಬಿತು. ಇನ್ನೂ ದಪ್ಪ ಕಲ್ಲಾದರೆ ಆರಕ್ಕೇ ಕಾಗಕ್ಕನಿಗೆ ನೀರು ಸಿಕ್ಕೀತು. ಆಗ ‘ಏಳು, ಎಂಟು’ ಎಂದು ಬಾಯಿಪಾಠ ಮುಂದುವರಿಸುವ ಮಗು ಯಾವುದು, ನೀರು ನೋಡಿ ಆರಕ್ಕೇ ನಿಲ್ಲಿಸುವ ಮಗು ಯಾವುದು ಎಂಬುದು ತಾನಾಗಿ ಗೊತ್ತಾಗುತ್ತದೆ.