ಹೂ ಮಾರಿದ ಊರಲ್ಲೇ ಹೂ ಹುಲ್ಲಾಯ್ತು

ಆಯುಧಪೂಜೆ ಮುಗಿದು ಎರಡನೇ ದಿನದ ಸಂಜೆ. ಚಿಕ್ಕಬಳ್ಳಾಪುರದ ವರದಿಗಾರ ಒಂದು ಫೋಟೊ, ನಾಲ್ಕು ಪ್ಯಾರಾ ಸುದ್ದಿ ಕಳಿಸಿದ್ದ. ರಸ್ತೆ ಬದಿಯಲ್ಲಿ ಚೆಂಡು ಹೂವಿನ ರಾಶಿ ಬಿದ್ದಿದೆ, ಪಕ್ಕದಲ್ಲಿ ಖಾಲಿ ಮೂಟೆ ಮಡಚುತ್ತಾ ಒಬ್ಬ ರೈತ ನಿಂತಿದ್ದಾನೆ. ಮೂರು ದಿನದ ಹಿಂದೆ ಕೈಗೆ ಸಿಗದ ಹೂವನ್ನು ಈಗ ಕೇಳುವವರೇ ಇಲ್ಲ. ಮಾರುಕಟ್ಟೆಗೆ ಒಯ್ದರೆ ಗಾಡಿ ಬಾಡಿಗೆಯೂ ಹುಟ್ಟುವುದಿಲ್ಲವೆಂದು ದಾರಿಯಲ್ಲೇ ಸುರಿದು ಹೊರಟಿದ್ದ. ನನಗೆ ಸಿಕ್ಕಿದ್ದು ಮೂರು ಕಾಲಂ ಜಾಗ, ಒಂದೇ ಸಾಲಿನ ಹೆಡ್ಡಿಂಗು. ದೊಡ್ಡ ಅಕ್ಷರದಲ್ಲಿ ಹದಿನೈದು ಅಕ್ಷರ ಹಿಡಿದರೆ ಹೆಚ್ಚು.

ಆ ಸಂಜೆ ಕಲಿತದ್ದನ್ನೇ ಇಷ್ಟು ವರ್ಷ ಪ್ರತಿ ಹಬ್ಬಕ್ಕೂ ಬಳಸುತ್ತಾ ಬಂದಿದ್ದೇನೆ. ಹಬ್ಬದ ಮರುದಿನ ಪತ್ರಿಕೆ ತೆರೆದಾಗ ಕೆಲವು ತಲೆಬರಹ ಕಣ್ಣಿಗೆ ಬಿದ್ದ ಕೂಡಲೇ ಬಾಯಿಗೆ ಬರುತ್ತವೆ, ಕೆಲವು ಎಲ್ಲೋ ಬೇರೆ ಭಾಷೆಯಲ್ಲಿ ಹುಟ್ಟಿ ಕನ್ನಡದ ಅಂಗಿ ತೊಟ್ಟ ಹಾಗೆ ಕಾಣುತ್ತವೆ. ಯಾಕೆ ಹೀಗೆ ಅನ್ನುವುದಕ್ಕೆ ಆ ಚೆಂಡು ಹೂವಿನ ಸುದ್ದಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲು ಬರೆದದ್ದು ‘ಚೆಂಡು ಹೂ ಬೆಲೆ ಕುಸಿತ: ಬೆಳೆಗಾರರು ಕಂಗಾಲು’. ತಪ್ಪೇನಿಲ್ಲ. ಆದರೆ ಚೆಂಡು ಹೂ ತೆಗೆದು ಟೊಮೆಟೊ ಹಾಕಿದರೂ, ಈರುಳ್ಳಿ ಹಾಕಿದರೂ ನಡೆಯುವ ಸಾಲು ಅದು. ಹಬ್ಬದ ಸುಳಿವೇ ಅದರಲ್ಲಿಲ್ಲ. ಎರಡನೆಯದು ‘ಬೆಳೆಗಾರರ ಕನಸಿನ ಮೇಲೆ ಕರಿನೆರಳು’. ಇದನ್ನು ಬರೆದು ನನಗೇ ನಾಚಿಕೆಯಾಯಿತು. ಹೂ ಬೆಳೆದವನು ತನ್ನ ಕಷ್ಟವನ್ನು ಯಾವತ್ತೂ ಹೀಗೆ ಹೇಳಿಕೊಳ್ಳುವುದಿಲ್ಲ.

ಆಗ ಗಾದೆ ಹುಡುಕಲು ಹೊರಟೆ. ಹೂ ಅಂದ ಕೂಡಲೇ ನೆನಪಾಗುವುದು ‘ಹೂವಿನಿಂದ ನಾರೂ ಸ್ವರ್ಗ ಸೇರಿತು’. ಅದನ್ನು ತಿರುಗಿಸಿ ‘ಹೂವಿನಿಂದ ನಾರೂ ಬೀದಿಗೆ’ ಎಂದು ಬರೆದೆ. ಚೆನ್ನಾಗಿದೆ ಅನ್ನಿಸಿತು. ಎದುರು ಮೇಜಿನ ಹಿರಿಯರಿಗೆ ತೋರಿಸಿದೆ. ಅವರು ಹೆಡ್ಡಿಂಗು ಓದಿ ಫೋಟೊ ನೋಡಿದರು. ‘ಏನಪ್ಪಾ, ಚೆಂಡು ಹೂವನ್ನ ಮೂಟೇಲಿ ತಂದು ಸುರಿದಿದಾನೆ. ಕಟ್ಟಿದ ಹೂವಲ್ಲ, ಬಿಡಿ ಹೂವು. ನಾರು ಎಲ್ಲಿ ಕಾಣ್ತು ನಿಂಗೆ?’ ಅಂದರು.

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಗಾದೆಯಲ್ಲಿರುವ ಪ್ರತಿಯೊಂದು ವಸ್ತುವೂ ಸುದ್ದಿಯಲ್ಲಿ ನಿಜವಾಗಿ ಇರಬೇಕು. ನಾರಿಲ್ಲದ ಕಡೆ ನಾರಿನ ಗಾದೆ ತಂದರೆ ಓದುಗನಿಗೆ ತಪ್ಪು ಎಲ್ಲಿದೆ ಎಂದು ಹೇಳಲಾಗದಿದ್ದರೂ ಸಾಲು ಸಡಿಲವಾಗಿ ಕಾಣುತ್ತದೆ. ಅದೇ ಗಾದೆ ವರಮಹಾಲಕ್ಷ್ಮಿ ಹಬ್ಬಕ್ಕೆ ಸೊಗಸಾಗಿ ಕೂರುತ್ತದೆ. ಶ್ರಾವಣದ ಆ ಶುಕ್ರವಾರದ ಮುನ್ನಾದಿನ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಕನಕಾಂಬರ, ಮಲ್ಲಿಗೆ ಎಟುಕದಷ್ಟು ಏರಿರುತ್ತವೆ. ಅಲ್ಲಿ ಕೊಳ್ಳುವುದು ಕಟ್ಟಿದ ಹೂವನ್ನು, ಮೊಳದ ಲೆಕ್ಕ, ಮಾರಿನ ಲೆಕ್ಕ. ‘ಹೂವು ಸ್ವರ್ಗಕ್ಕೆ, ನಾರು ಕೈಗೆ’ ಎಂದು ಆ ಬೆಲೆಯೇರಿಕೆಗೆ ತಲೆಬರಹ ಕೊಟ್ಟರೆ ಹೂವೂ ಇದೆ, ನಾರೂ ಇದೆ, ಮೇಲೇರಿದ ಬೆಲೆಯೂ ಇದೆ. ಗಾದೆಯಲ್ಲಿ ನಾರೂ ಸ್ವರ್ಗ ಸೇರುತ್ತದೆ, ಇಲ್ಲಿ ನಾರು ಮಾತ್ರ ನಮಗುಳಿಯಿತು. ಆ ಒಂದು ತಿರುವಿನಲ್ಲಿ ಇಡೀ ಸುದ್ದಿ ಬಂತು.

ಇತ್ತ ಚೆಂಡು ಹೂವಿಗೆ ಗಾದೆ ಸಿಕ್ಕಿರಲಿಲ್ಲ. ಸುದ್ದಿಯನ್ನು ಮತ್ತೆ ಓದಿದೆ. ಬೆಲೆ ಬಿದ್ದದ್ದೇಕೆ? ದಸರೆಗೆ ಹೂ ಕೈಗೆ ಬರಬೇಕೆಂದು ಲೆಕ್ಕ ಹಾಕಿ ಎಲ್ಲರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಾಟಿ ಮಾಡಿರುತ್ತಾರೆ. ಲಾರಿ, ಆಟೊ, ಅಂಗಡಿ, ಕಾರ್ಖಾನೆಯ ಯಂತ್ರ, ಎಲ್ಲಕ್ಕೂ ಹೂ ಬೇಕಾಗುವುದು ಆಯುಧಪೂಜೆಯ ಒಂದೆರಡು ದಿನ. ಗಿಡಕ್ಕೆ ಪಂಚಾಂಗ ಗೊತ್ತಿಲ್ಲ, ಅದು ಮರುದಿನವೂ ಹೂ ಬಿಡುತ್ತದೆ. ಕಿತ್ತ ಹೂವನ್ನು ಇಟ್ಟುಕೊಂಡು ಕಾಯುವ ಹಾಗಿಲ್ಲ, ಅದರ ಮೇಲೆ ಮಳೆ ಬಿದ್ದರೆ ಮೂಟೆಯಲ್ಲೇ ಕೊಳೆಯುತ್ತದೆ. ಅಂದರೆ ಅದೇ ರೈತ, ಅದೇ ಮಾರುಕಟ್ಟೆ, ಅದೇ ಹೂವು. ಮೂರು ದಿನದಲ್ಲಿ ಬದಲಾದದ್ದು ಅದರ ಬೆಲೆಯೊಂದೇ.

ಇಷ್ಟು ತಿಳಿದ ಮೇಲೆ ಗಾದೆ ತಾನಾಗಿ ಬಂತು. ‘ಹೂ ಮಾರಿದ ಊರಲ್ಲಿ ಹುಲ್ಲು ಮಾರಬಾರದು.’ ಮರ್ಯಾದೆಯಿಂದ ಬಾಳಿದ ಕಡೆಯೇ ಕೆಳಗಿಳಿದು ಬಾಳಬಾರದು ಎಂಬುದು ಇದರ ಅರ್ಥ. ಮೊದಲ ಬಾರಿಗೆ ‘ಹೂ ಮಾರಿದ ಊರಲ್ಲಿ ಹುಲ್ಲು ಮಾರುವ ಸ್ಥಿತಿ’ ಎಂದು ಬರೆದೆ. ಆ ‘ಸ್ಥಿತಿ’ ಬಂದು ಎಲ್ಲವನ್ನೂ ಕೆಡಿಸಿತು. ಗಾದೆ ಹೇಳುವವರು ವಿವರಿಸುವುದಿಲ್ಲ. ಅದೂ ಅಲ್ಲದೆ ರೈತ ಹುಲ್ಲು ಮಾರುತ್ತಿಲ್ಲ, ಅವನ ಹೂವೇ ಹುಲ್ಲಾಗಿದೆ. ಕೊನೆಗೆ ಪುಟಕ್ಕೆ ಹೋದದ್ದು ‘ಹೂ ಮಾರಿದ ಊರಲ್ಲೇ ಹೂ ಹುಲ್ಲಾಯ್ತು’. ಎಣಿಸಿದರೆ ಹನ್ನೊಂದು ಅಕ್ಷರ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಆಯುಧಪೂಜೆ ಮುಗಿಯುತ್ತಲೇ ನೆಲಕಚ್ಚಿದ ಚೆಂಡು ಹೂ ಬೆಲೆ’. ಮೇಲಿನ ಸಾಲು ಎಷ್ಟೇ ಚೆನ್ನಾಗಿದ್ದರೂ ಏನಾಯಿತು ಎಂದು ಹೇಳುವ ಕೆಳಗಿನ ಸಾಲು ಬೇಕೇ ಬೇಕು. ಸುದ್ದಿ ತಿಳಿಯದ ಓದುಗನನ್ನು ಒಗಟಿನ ಮುಂದೆ ನಿಲ್ಲಿಸಬಾರದು.

ಈ ಸಾಲಿನಲ್ಲಿ ಗಮನಿಸಬೇಕಾದದ್ದು ಗಾದೆಯ ಮೊದಲ ಅರ್ಧವನ್ನು ಮುಟ್ಟದೇ ಬಿಟ್ಟದ್ದು. ನಮ್ಮ ಗಾದೆಗಳಲ್ಲಿ ಬಹಳಷ್ಟು ಎರಡು ತುಂಡಿನವು. ಮೊದಲ ತುಂಡು ಕೇಳಿದ ಕಿವಿ ಎರಡನೆಯದಕ್ಕೆ ಕಾಯುತ್ತದೆ. ಆ ಕಾಯುವಿಕೆಯೇ ತಲೆಬರಹದ ಬಂಡವಾಳ. ಎರಡೂ ತುಂಡನ್ನು ಬದಲಿಸಿದರೆ ಗಾದೆಯ ಗುರುತೇ ಸಿಗುವುದಿಲ್ಲ. ಎರಡನ್ನೂ ಹಾಗೇ ಇಟ್ಟರೆ ಸುದ್ದಿ ಸಿಗುವುದಿಲ್ಲ. ‘ಊರಲ್ಲಿ’ ಎಂಬುದಕ್ಕೆ ಒಂದು ದೀರ್ಘ ಕೊಟ್ಟು ‘ಊರಲ್ಲೇ’ ಎಂದದ್ದು, ‘ಹುಲ್ಲಾಯಿತು’ ಬದಲು ‘ಹುಲ್ಲಾಯ್ತು’ ಎಂದದ್ದು, ಎರಡೂ ಬಾಯಿಮಾತಿನ ಸಲುವಾಗಿ. ಗಾದೆಯ ಮೂಲ ರೂಪದ ಬಗ್ಗೆ ಅನುಮಾನ ಬಂದಾಗ ನಾನು ಕಿಟೆಲ್ ನಿಘಂಟು ತೆರೆಯುತ್ತೇನೆ. 1894ರ ಆ ಪುಸ್ತಕದಲ್ಲಿ ಪದದ ಅರ್ಥದ ಜೊತೆಗೆ ಎಷ್ಟೋ ಕಡೆ ಆ ಪದದ ಗಾದೆಯೂ ಇದೆ.

ಗಾದೆಗೆ ಇರುವಂತೆ ನುಡಿಗಟ್ಟಿಗೂ ತನ್ನದೇ ವ್ಯಾಕರಣವಿದೆ. ಸಂಕ್ರಾಂತಿಯ ದಿನ ‘ಎಳ್ಳಷ್ಟೂ’ ಎಂಬ ಪದ ಕೈಗೆ ಸಿಕ್ಕ ಚಿನ್ನದಂತೆ. ‘ಎಳ್ಳಷ್ಟೂ ಇಳಿಯದ ಎಳ್ಳಿನ ಬೆಲೆ’ ಎಂದರೆ ಸುದ್ದಿ, ಹಬ್ಬ, ಚಮತ್ಕಾರ ಮೂರೂ ಒಂದೇ ಉಸಿರಿನಲ್ಲಿ ಬಂದವು. ಆದರೆ ಈ ಪದ ನಿಷೇಧವನ್ನೇ ಬೇಡುತ್ತದೆ. ಎಳ್ಳಷ್ಟೂ ಇಲ್ಲ, ಎಳ್ಳಷ್ಟೂ ಬಿಡದ, ಎಳ್ಳಷ್ಟೂ ಕುಗ್ಗದ. ಒಮ್ಮೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬಹಳ ಆಸೆಯಿಂದ ‘ಎಳ್ಳಷ್ಟು ಸಡಗರ, ಬೆಲ್ಲದಷ್ಟು ಸವಿ’ ಎಂದು ಬರೆದು ತಂದಳು. ಪ್ರಾಸದ ಕಿವಿ ಅವಳಿಗಿತ್ತು. ‘ಎಳ್ಳಷ್ಟು ಅಂದ್ರೆ ಎಷ್ಟಮ್ಮಾ?’ ಎಂದು ಕೇಳಿದೆ. ‘ಅಯ್ಯೋ, ಸರ್!’ ಎಂದು ತಾನೇ ತಿದ್ದಿಕೊಂಡು ಬಂದಳು. ‘ಎಳ್ಳಷ್ಟೂ ಕುಗ್ಗದ ಸಡಗರ’. ಒಂದು ದೀರ್ಘ, ಒಂದು ‘ಕುಗ್ಗದ’ ಸೇರಿದ್ದಕ್ಕೆ ಸಾಲು ನಿಂತಿತು.

ಎಳ್ಳಿಗೆ ಇನ್ನೊಂದು ಮುಖವಿದೆ. ‘ಬೆಲೆಯೇರಿಕೆ: ಹಬ್ಬದ ಸಡಗರಕ್ಕೆ ಎಳ್ಳುನೀರು’ ಎಂಬ ಸಾಲು ನೋಡುವುದಕ್ಕೆ ಸಂಕ್ರಾಂತಿಗೆ ಹೊಂದುವಂತೆಯೇ ಇದೆ. ಎಳ್ಳುನೀರು ಬಿಡುವುದು ಸತ್ತವರಿಗೆ. ಮನೆಯ ಮಕ್ಕಳು ಹೊಸ ಬಟ್ಟೆ ಹಾಕಿ ಎಳ್ಳು ಬೀರಲು ಹೊರಟ ಬೆಳಿಗ್ಗೆ ಆ ಪದವನ್ನು ಬಾಗಿಲಿಗೆ ತಲುಪಿಸಬಾರದು.

ಅನುವಾದದ ವಾಸನೆ ಹೆಚ್ಚು ಬರುವುದು ಹಬ್ಬದ ಜಾಹೀರಾತಿನಲ್ಲಿ. ‘ಈ ದೀಪಾವಳಿ, ಬೆಳಗಿಸಿ ನಿಮ್ಮ ಸಂತಸದ ಕ್ಷಣಗಳನ್ನು’ ಎಂಬ ಮಾದರಿಯ ಸಾಲುಗಳನ್ನು ಪ್ರತಿ ವರ್ಷ ನೋಡುತ್ತೇವೆ. ಒಂದೊಂದು ಪದವೂ ಕನ್ನಡದ್ದೇ, ಸಾಲು ಮಾತ್ರ ಕನ್ನಡದ್ದಲ್ಲ. ನಾವು ‘ಈ ದೀಪಾವಳಿಗೆ’ ಎನ್ನುತ್ತೇವೆ, ವಿಭಕ್ತಿ ಬಿಟ್ಟು ‘ಈ ದೀಪಾವಳಿ’ ಎಂದು ನಿಲ್ಲಿಸುವುದಿಲ್ಲ. ಕ್ರಿಯಾಪದವನ್ನು ಮುಂದೆ ಎಳೆದು ಕರ್ಮವನ್ನು ಹಿಂದೆ ನೇತುಹಾಕುವುದಿಲ್ಲ. ಹಚ್ಚುವುದು ದೀಪವನ್ನು, ಕ್ಷಣಗಳನ್ನಲ್ಲ. ಇಂಥ ಸಾಲನ್ನು ಗುರುತಿಸುವುದು ಸುಲಭ. ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ತಿರುಗಿಸಿ ನೋಡಿ. ಅಲ್ಲೇ ಹೆಚ್ಚು ಆರಾಮಾಗಿ ಕೂತರೆ ಅದು ಅಲ್ಲಿಂದಲೇ ಬಂದದ್ದು.

ಅದೇ ಬಟ್ಟೆ ಅಂಗಡಿಗೆ ಕನ್ನಡದಲ್ಲೇ ಯೋಚಿಸಿದರೆ ದೀಪಾವಳಿಯ ಗಾದೆಯೊಂದು ಕಾದು ಕೂತಿದೆ. ‘ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ.’ ಕಜ್ಜಾಯ ದೀಪಾವಳಿಯ ತಿಂಡಿ, ಅರಿವೆ ಅಂಗಡಿಯ ಸರಕು. ‘ಅಜ್ಜಿಯ ಅರಿವೆ ಚಿಂತೆ ನಮಗಿರಲಿ, ಮೊಮ್ಮಗಳ ಕಜ್ಜಾಯದ ಚಿಂತೆ ನಿಮಗಿರಲಿ’ ಎಂದು ಬರೆದರೆ ಅನುವಾದಿಸಲು ಹೊರಟವರು ಪೇಚಿಗೆ ಸಿಕ್ಕಬೇಕು. ಇಂಗ್ಲಿಷಿಗೆ ಹೋಗದ ಸಾಲು ಕನ್ನಡದ ಸಾಲೇ ಎಂದು ನಾನು ಧೈರ್ಯದಿಂದ ಹೇಳುತ್ತೇನೆ.

ಕನ್ನಡದೊಳಗೂ ಎಲ್ಲ ಮಾತು ಎಲ್ಲ ಕಡೆ ನಡೆಯುವುದಿಲ್ಲ. ಹಳೆ ಮೈಸೂರು ಸೀಮೆಯಲ್ಲಿ ಯುಗಾದಿಯ ಮರುದಿನ ಹೊಸತೊಡಕು, ಬಾಡೂಟದ ದಿನ. ಮಾಂಸದ ಬೆಲೆ ಏರಿದರೆ ‘ಹೊಸತೊಡಕಿಗೆ ಹೊಸ ತೊಡಕು’ ಎನ್ನುವುದು ಮಂಡ್ಯದಲ್ಲಿ ಹುಟ್ಟಿದವನಿಗೆ ತಟ್ಟನೆ ಹತ್ತುತ್ತದೆ. ಕಲಬುರಗಿಯಲ್ಲಿ ಆ ಹಬ್ಬದ ಹೆಸರೇ ಬಳಕೆಯಲ್ಲಿಲ್ಲ. ಧಾರವಾಡದ ಕಡೆ ವಿಜಯದಶಮಿಯಂದು ಬನ್ನಿ ಎಲೆಯನ್ನು ಬಂಗಾರವೆಂದೇ ಕೈಯಿಂದ ಕೈಗೆ ಕೊಡುತ್ತಾರೆ. ಚಿನ್ನದ ಬೆಲೆ ಏರಿದ ವರ್ಷ ‘ಈ ಸಲ ಬನ್ನಿಯೇ ಬಂಗಾರ’ ಎಂಬ ಸಾಲು ಅಲ್ಲಿ ಮನೆಮಾತಾಗುತ್ತದೆ. ‘ಮಾರಲು ತಂದ ಮಾರು ಹೂವಿಗೆ ಮಾರುಹೋದ ಜನ’ ಎಂಬ ಆಟವನ್ನು ಬೆಂಗಳೂರಿನಲ್ಲಿ ಆಡಬಹುದು. ಶಂಕರಪುರದ ಮಲ್ಲಿಗೆಯನ್ನು ಚೆಂಡು, ಅಟ್ಟೆ ಎಂಬ ಲೆಕ್ಕದಲ್ಲಿ ಕೊಳ್ಳುವ ಉಡುಪಿಯಲ್ಲಿ ಆ ಮಾರು ಯಾರ ಕೈಯಲ್ಲೂ ಇಲ್ಲ.

ಇನ್ನೊಂದು ವಿಷಯದಲ್ಲಿ ನನಗೆ ಹಟವಿದೆ. ಸಂಕ್ರಾಂತಿಯನ್ನು ಸೀಳಿ ಕ್ರಾಂತಿಗೆ ಮಾತ್ರ ಉದ್ಧರಣ ಚಿಹ್ನೆ ಹಾಕುವ ಅಭ್ಯಾಸ ನಮ್ಮ ಪತ್ರಿಕೆಗಳಲ್ಲಿ ಬೇರೂರಿದೆ. ಶ್ಲೇಷೆ ಇದ್ದರೆ ಓದುಗನೇ ಹಿಡಿಯುತ್ತಾನೆ. ‘ಹಣ ತೆತ್ತು ತಂದ ಹಣತೆ’ ಎಂಬಲ್ಲಿ ಯಾವ ಚಿಹ್ನೆಯೂ ಬೇಡ. ಚಿಹ್ನೆ ಹಾಕಿದರೆ ಮಾತ್ರ ಕಾಣುವ ಶ್ಲೇಷೆಯನ್ನು ನಾನು ಪುಟಕ್ಕೆ ಬಿಡುವುದಿಲ್ಲ.

ದೀಪಾವಳಿಯ ರಾತ್ರಿ ಮಾತ್ರ ಈ ಕೆಲಸ ಬೇರೆ ಬಣ್ಣ ತಳೆಯುತ್ತದೆ. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೆ ಪಟಾಕಿ ಸಿಡಿದು ಗಾಯಗೊಂಡವರು ಪ್ರತಿ ವರ್ಷ ಬರುತ್ತಾರೆ, ಅವರಲ್ಲಿ ಮಕ್ಕಳೂ ಇರುತ್ತಾರೆ. ಒಂದು ವರ್ಷ ಅಂಥ ಸುದ್ದಿಗೆ ‘ದೀಪದ ಬುಡದಲ್ಲಿ ಕತ್ತಲೆ’ ಎಂಬ ತಲೆಬರಹ ಪರದೆಯ ಮೇಲೆ ಕೂತಿತ್ತು. ದೀಪವೂ ಇತ್ತು, ಕತ್ತಲೆಯೂ ಇತ್ತು, ಗಾದೆಯ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ. ಸುದ್ದಿಯಲ್ಲಿದ್ದದ್ದು ಒಂದು ಹುಡುಗನ ಬಲಗಣ್ಣು. ಪುಟ ಮುಗಿಸಲು ಇಪ್ಪತ್ತು ನಿಮಿಷ ಉಳಿದಿತ್ತು. ಅದನ್ನು ಅಳಿಸಿ ‘ಪಟಾಕಿ ಸಿಡಿದು ಬಾಲಕನ ಕಣ್ಣಿಗೆ ಗಾಯ’ ಎಂದು ಬರೆದು ಪುಟ ಕಳಿಸಿದೆ.