ವೈದ್ಯರು ಮೊದಲು ಕೇಳುವುದು ಬೆಳಗಿನ ಜಾವದ ಬಗ್ಗೆ

ನಲವತ್ತೆಂಟರ ಅಂಗಡಿ ಮಾಲೀಕರೊಬ್ಬರನ್ನು ಊಹಿಸಿಕೊಳ್ಳಿ. ವೈದ್ಯರ ಮುಂದೆ ಕೂತು ಹತ್ತು ನಿಮಿಷ ಬೆನ್ನುನೋವಿನ ಬಗ್ಗೆಯೇ ಮಾತಾಡುತ್ತಾರೆ. ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು, "ಇನ್ನೊಂದು ವಿಷಯ ಇತ್ತು ಡಾಕ್ಟ್ರೇ" ಎನ್ನುತ್ತಾರೆ. ನಿಮಿರು ದೌರ್ಬಲ್ಯದ ಮಾತು ಹೊರಬರುವುದು ಹೆಚ್ಚಾಗಿ ಹೀಗೆಯೇ.

ತೊಂದರೆ ಥಟ್ಟನೆ ಬಂತೋ, ನಿಧಾನವಾಗಿಯೋ? ಬೆಳಗ್ಗೆ ಏಳುವಾಗ ನಿಮಿರುವಿಕೆ ಇರುತ್ತದೆಯೇ? ಈ ಪ್ರಶ್ನೆ ಮುಜುಗರ ತಂದರೂ ಉಪಯುಕ್ತ. ಅದು ಇದ್ದರೆ ಮನಸ್ಸಿನ ಒತ್ತಡದ ಕಡೆಗೆ, ಕ್ರಮೇಣ ಅದೂ ನಿಂತಿದ್ದರೆ ರಕ್ತನಾಳ ಅಥವಾ ನರಗಳ ಕಡೆಗೆ ಅನುಮಾನ ಹೊರಳುತ್ತದೆ. ಸಿಗರೇಟು, ಕುಡಿತ, ಬಿಪಿ ಮಾತ್ರೆಗಳ ವಿಚಾರವೂ ಬರುತ್ತದೆ. ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆಯನ್ನಂತೂ ಮುಚ್ಚಿಡಬಾರದು; ಅದರ ಜತೆ ಸಿಲ್ಡೆನಾಫಿಲ್ ಸೇರಿದರೆ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯಬಹುದು.

ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಬಿಪಿ, ಸೊಂಟದ ಸುತ್ತಳತೆ, ಪಾದದ ನಾಡಿ, ವೃಷಣಗಳ ಗಾತ್ರ, ಶಿಶ್ನದಲ್ಲಿ ಗಟ್ಟಿ ಗಂಟುಗಳಿವೆಯೇ ಎಂಬ ತಪಾಸಣೆ.

ನಂತರ ರಕ್ತಪರೀಕ್ಷೆ: ಸಕ್ಕರೆ, ಕೊಲೆಸ್ಟ್ರಾಲ್, ಟೆಸ್ಟೋಸ್ಟಿರಾನ್. ಕೊನೆಯದನ್ನು ಬೆಳಗ್ಗೆ 11ರೊಳಗೆ ಕೊಡಬೇಕು, ಮಧ್ಯಾಹ್ನದ ಹೊತ್ತಿಗೆ ಮಟ್ಟ ಇಳಿದಿರುತ್ತದೆ. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಪರೀಕ್ಷೆ. ಡಾಪ್ಲರ್ ಸ್ಕ್ಯಾನ್ ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ನಮ್ಮ ಅಂಗಡಿಯವರ ಮೂರು ತಿಂಗಳ ಸಕ್ಕರೆ ಸರಾಸರಿ 7.9 ಎಂದಿಟ್ಟುಕೊಳ್ಳಿ; 6.5 ಮುಟ್ಟಿದರೆ ಮಧುಮೇಹ. ಶಿಶ್ನದ ರಕ್ತನಾಳಗಳು ಹೃದಯದವುಗಳಿಗಿಂತ ಸಣ್ಣವು, ಹಾಗಾಗಿ ತೊಡಕು ಅಲ್ಲಿ ಮೊದಲೇ ಕಾಣಿಸಿಕೊಳ್ಳಬಹುದು. ಮಾತ್ರೆ ಕೇಳಲು ಬಂದವರಿಗೆ ವೈದ್ಯರು ಇಸಿಜಿಗೂ ಚೀಟಿ ಬರೆಯುತ್ತಾರೆ.